ನೂರನಾಲ್ಕು ಸಹಿ, ನೂರೇಳು ಮತ

ಜೂನ್ ಕಳೆಯುವಷ್ಟರಲ್ಲಿ ನಮ್ಮ ಶಾಲೆಗಳಲ್ಲಿ ಸಂಸತ್ ಚುನಾವಣೆಯ ಸಡಗರ. ಬೆರಳಿಗೆ ಶಾಯಿ, ಮೊಬೈಲಿನಲ್ಲಿ ಮತಯಂತ್ರ, ಸಂಜೆಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ. ಎಲ್ಲ ಸರಿ, ಲೆಕ್ಕ ತಾಳೆಯಾಗದಿದ್ದರೆ? ಪ್ರಜಾಪ್ರಭುತ್ವದ ಪಾಠ ಶುರುವಾಗುವುದೇ ಆ ಕ್ಷಣದಲ್ಲಿ.

ಏಳನೇ ತರಗತಿಯ ಕೋಣೆ ಅಂದು ಮತಗಟ್ಟೆ. ಬಾಗಿಲಲ್ಲಿ ಸ್ಕೌಟ್ ಟೋಪಿ ಹಾಕಿ ನಿಂತ ಹುಡುಗನೇ ಪೊಲೀಸ್. ಮುಂದಿನ ಬೆಂಚಿನಲ್ಲಿ ಮೂವರು ಅಧಿಕಾರಿಗಳು. ಒಬ್ಬಳು ಹೆಸರು ಕೂಗುತ್ತಾಳೆ, ಇನ್ನೊಬ್ಬಳು ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುತ್ತಾಳೆ, ಮೂರನೆಯವನು ಎಡಗೈ ತೋರುಬೆರಳಿಗೆ ಮಾರ್ಕರ್ ಪೆನ್ನಿನ ಗೆರೆ ಎಳೆಯುತ್ತಾನೆ. ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆ ಸೀಳಿ ಮಾಡಿದ ಮರೆ. ಅದರ ಹಿಂದೆ ಮೇಷ್ಟ್ರ ಮೊಬೈಲು. ಬೆರಳು ಒತ್ತಿದರೆ ‘ಬೀಪ್’.

ಬಿಸಿಯೂಟದ ಹೊತ್ತಿಗೆ ಮತದಾನ ಮುಗಿಯಿತು. ಊಟವಾದ ಮೇಲೆ ಎಣಿಕೆ. ಗಾಳಿಪಟಕ್ಕೆ 44, ಬುಗುರಿಗೆ 42, ಕೊಡೆಗೆ 21. ಗಾಳಿಪಟದ ಹುಡುಗನನ್ನು ಗೆಳೆಯರು ಹೆಗಲಿಗೇರಿಸಿಯೂ ಆಯಿತು. ಆಗ ಸಹಿ ಪುಸ್ತಕ ಹಿಡಿದಿದ್ದ ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು: “ಸರ್, ನನ್ನ ಹತ್ರ ಇರೋದು ನೂರನಾಲ್ಕೇ ಸಹಿ. ಮೊಬೈಲ್‌ನಲ್ಲಿ ನೂರೇಳು ತೋರಿಸ್ತಿದೆ.”

“ಇರಲಿ ಬಿಡಮ್ಮ, ಒಂದೆರಡು ಹೆಚ್ಚುಕಮ್ಮಿ ಆಗ್ತದೆ” ಎಂದರು ಮೇಷ್ಟ್ರು. ಹೊರಗೆ ಬ್ಯಾಂಡ್ ಸೆಟ್ ಶುರುವಾಗಿತ್ತು.

ಈ ಶಾಲೆಗೆ ಊರಿಲ್ಲ, ಹೆಸರಿಲ್ಲ. ಲೆಕ್ಕ ಬಿಡಿಸಲೆಂದು ಹೆಣೆದ ಪ್ರಸಂಗ ಇದು. ಆದರೆ ಶಾಲಾ ಚುನಾವಣೆ ನಡೆಸಿದ ಮೇಷ್ಟ್ರುಗಳಿಗೆ ಇದು ಅಪರಿಚಿತ ಎನಿಸಲಾರದು. ಅಂದಿನ ಇಡೀ ಕಾರ್ಯಕ್ರಮದಲ್ಲಿ ಪ್ರಜಾಪ್ರಭುತ್ವ ಅನ್ನುವುದು ಎಲ್ಲಾದರೂ ಇಣುಕಿದ್ದರೆ ಆ ಹುಡುಗಿಯ ಮಾತಿನಲ್ಲಿ. ಅದನ್ನೇ ‘ಇರಲಿ ಬಿಡಮ್ಮ’ ಅಂದುಬಿಟ್ಟೆವು.

ಆ ಮೂರು ಮತ ಎಲ್ಲಿಂದ ಬಂದವು?

ಬಹುಮಟ್ಟಿಗೆ ಮೇಷ್ಟ್ರ ಬೆರಳಿನಿಂದಲೇ. ಬೆಳಿಗ್ಗೆ ಆ್ಯಪ್ ಸರಿಯಿದೆಯೇ ನೋಡಲು ಮೂರು ಸಲ ಒತ್ತಿರುತ್ತಾರೆ. ಅದನ್ನು ಅಳಿಸುವುದು ಮರೆತಿರುತ್ತದೆ. ಇಲ್ಲವೇ ಮರೆಯ ಹಿಂದೆ ಹೋದ ಯಾವನೋ ತುಂಟ ನಾಲ್ಕು ಸಲ ಒತ್ತಿರುತ್ತಾನೆ. ಯಾವುದೆಂದು ತಿಳಿಯುವುದು ಹೇಗೆ? ಮೊಬೈಲು ಬಾಯಿ ಬಿಡುವುದಿಲ್ಲ.

ದೊಡ್ಡವರ ಚುನಾವಣೆಯಲ್ಲೂ ಇದೇ ತಪ್ಪು ಆಗುತ್ತದೆ, ಆದ್ದರಿಂದಲೇ ಅದಕ್ಕೆ ದಾರಿ ಹಾಕಿಟ್ಟಿದ್ದಾರೆ. ಮತದಾನಕ್ಕೆ ಒಂದೂವರೆ ಗಂಟೆ ಮೊದಲು ಏಜೆಂಟರ ಎದುರು ಅಣಕು ಮತದಾನ, ಕನಿಷ್ಠ 50 ಮತ. ಎಣಿಸಿ ತೋರಿಸಿ, ಯಂತ್ರದಿಂದ ಅಳಿಸಿ, ಸೊನ್ನೆ ಬಂದಿದೆ ಎಂದು ಎಲ್ಲರಿಗೂ ಕಾಣಿಸಿ, ಆಮೇಲೆ ಸೀಲು. ಮತ ಹಾಕಲು ಬಂದವರ ವಿವರ ನಮೂನೆ 17ಎ ಎಂಬ ಪುಸ್ತಕದಲ್ಲಿ. ದಿನದ ಕೊನೆಗೆ ಒಟ್ಟು ಮತಗಳ ಲೆಕ್ಕ ನಮೂನೆ 17ಸಿಯಲ್ಲಿ. ಅದರ ಪ್ರತಿ ಏಜೆಂಟರ ಕೈಗೂ ಹೋಗುತ್ತದೆ. ಅಣಕು ಮತ ಅಳಿಸದೆ ಉಳಿದಿದ್ದರೆ ಆ ಯಂತ್ರವನ್ನು ಬದಿಗಿಟ್ಟು ಉಳಿದವನ್ನು ಎಣಿಸುತ್ತಾರೆ. ಗೆಲುವಿನ ಅಂತರ ಬದಿಗಿಟ್ಟ ಮತಗಳಿಗಿಂತ ಹೆಚ್ಚಿದ್ದರೆ ಫಲಿತಾಂಶಕ್ಕೆ ಅಡ್ಡಿಯಿಲ್ಲ. ಕಡಿಮೆಯಿದ್ದರೆ ವಿವಿಪ್ಯಾಟ್ ಚೀಟಿ ಎಣಿಸಬೇಕು.

ಈ ತತ್ವವನ್ನು ಆರನೇ ತರಗತಿಯ ಮಗುವಿಗೂ ಹೇಳಬಹುದು: ತಾಳೆಯಾಗದ ಮತ ಎಷ್ಟು, ಗೆಲುವಿನ ಅಂತರ ಎಷ್ಟು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು.

ನಮ್ಮ ಶಾಲೆಯಲ್ಲಿ ಹೆಚ್ಚಾದದ್ದು 3, ಅಂತರ 2. ಮೇಷ್ಟ್ರು ಒಂದೊಂದು ಗುರುತಿಗೆ ಒಂದೊಂದು ಸಲ ಒತ್ತಿದ್ದರೆ ನಿಜವಾದ ಮತ 43, 41, 20. ಗಾಳಿಪಟವೇ ಗೆದ್ದಿತು. ಎರಡು ಸಲ ಗಾಳಿಪಟಕ್ಕೆ, ಒಂದು ಸಲ ಕೊಡೆಗೆ ಒತ್ತಿದ್ದರೆ 42–42, ಸಮ ಸಮ. ಮೂರೂ ಸಲ ಗಾಳಿಪಟಕ್ಕೇ ಒತ್ತಿದ್ದರೆ 41–42, ಗೆದ್ದದ್ದು ಬುಗುರಿ. ಹಾಗಾದರೆ ಹೆಗಲ ಮೇಲೆ ಕೂತ ಹುಡುಗ ಯಾರು? ಗೊತ್ತಿಲ್ಲ. ಅಂತರ 15 ಇದ್ದಿದ್ದರೆ ತಪ್ಪನ್ನು ನಡಾವಳಿಯಲ್ಲಿ ಬರೆದು ಫಲಿತಾಂಶ ಘೋಷಿಸಬಹುದಿತ್ತು. ಇಲ್ಲಿ ಮರುಮತದಾನ ಬಿಟ್ಟು ದಾರಿಯಿಲ್ಲ.

ಮರುಮತದಾನಕ್ಕೆ ಬೇಕಾದ್ದು ಒಂದು ಗಂಟೆ. ಆ ಒಂದು ಗಂಟೆ ಕೊಡಲು ಮನಸ್ಸಿಲ್ಲದಿದ್ದರೆ ಚುನಾವಣೆ ಮಾಡುವುದಕ್ಕಿಂತ ಚೀಟಿ ಎತ್ತಿಬಿಡುವುದು ಲೇಸು.

---

ಒಂದೇ ಒಂದು ಮತ

2004ರ ವಿಧಾನಸಭಾ ಚುನಾವಣೆ. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752 ಮತ ಪಡೆದರು. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ ಬಂದದ್ದು 40,751. ಒಂದು ಮತದಲ್ಲಿ ಶಾಸಕ ಸ್ಥಾನ ತಪ್ಪಿತು. ‘ಒಂದೆರಡು ಹೆಚ್ಚುಕಮ್ಮಿ ಆಗ್ತದೆ’ ಎನ್ನುವವರಿಗೆ ತೋರಿಸಲು ನಮ್ಮ ರಾಜ್ಯದ್ದೇ ಉದಾಹರಣೆ. ಮತ ಸಮವಾದರೆ ಕಾನೂನಿನಲ್ಲಿ ಲಾಟರಿ ಎತ್ತುವ ದಾರಿಯಿದೆ. ಚೀಟಿ ಯಾರ ಹೆಸರಿಗೆ ಬಂತೋ ಅವರಿಗೆ ಒಂದು ಮತ ಹೆಚ್ಚು ಬಂದಂತೆ ಲೆಕ್ಕ.

---

ಕಾಗದ ಬಿಡಬೇಡಿ

ಮೊಬೈಲ್ ಮತಯಂತ್ರದ ಮೇಲೆ ನನಗೆ ಕೋಪವೇನಿಲ್ಲ. ಆ ‘ಬೀಪ್’ ಕೇಳಿದ ಮಗುವಿನ ಮುಖ ನೋಡಲು ಚೆನ್ನ. ಆದರೆ ಮಾಧ್ಯಮಿಕ ಹಂತದ ಶಾಲೆಗೆ, ಅಂದರೆ ಆರು, ಏಳು, ಎಂಟನೇ ತರಗತಿಗೆ, ಕಾಗದದ ಮತಪತ್ರವೇ ಮೇಲು ಎಂಬುದು ನನ್ನ ಹಟ. ಅನುಮಾನ ಬಂದಾಗ ಕಾಗದವನ್ನು ಮತ್ತೆ ಎಣಿಸಬಹುದು. ಮಕ್ಕಳೇ ಎಣಿಸಬಹುದು. ಇಷ್ಟಕ್ಕೂ ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಗಳು ಬಹುಮಟ್ಟಿಗೆ ಮತಪತ್ರದಲ್ಲೇ ನಡೆದು ಬಂದವು. ಅಪ್ಪ ಅಮ್ಮ ಮೊಹರು ಒತ್ತಿ ಬಂದದ್ದು ಹಳ್ಳಿ ಮಕ್ಕಳಿಗೆ ಹೊಸದಲ್ಲ.

ಲೆಕ್ಕ ಸರಳ. 112 ಮತದಾರರಿದ್ದರೆ 120 ಚೀಟಿ ಜೆರಾಕ್ಸ್ ಮಾಡಿಸಿ, ಎಣಿಸಿ, ಅಭ್ಯರ್ಥಿಗಳ ಏಜೆಂಟರ ಸಹಿ ಪಡೆಯಿರಿ. ಪ್ರತಿ ಚೀಟಿಯ ಹಿಂದೆ ಮತಗಟ್ಟೆ ಅಧಿಕಾರಿಯ ಸಹಿ ಇರಲಿ, ಆಗ ಹೊರಗಿನಿಂದ ತಂದ ಚೀಟಿ ಡಬ್ಬಿಗೆ ಬಿದ್ದರೂ ಸಿಕ್ಕಿಬೀಳುತ್ತದೆ. ಖಾಲಿ ಡಬ್ಬಿಯನ್ನು ಬೋರಲು ಹಾಕಿ ತೋರಿಸಿ ಬೀಗ ಹಾಕಿ. ಸಂಜೆ 104 ಸಹಿ, ಡಬ್ಬಿಯಲ್ಲಿ 104 ಚೀಟಿ, ಕೈಯಲ್ಲಿ ಉಳಿದದ್ದು 16. ಕೂಡಿದರೆ 120. ಈ ಕೂಡುವ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬರೆದ ನಂತರವೇ ಮೊದಲ ಚೀಟಿ ಬಿಚ್ಚಬೇಕು.

ಎಣಿಕೆಯಲ್ಲಿ ಜಗಳ ಬರುವುದು ಅಸಿಂಧು ಮತಗಳ ಮೇಲೆ. ಬರಲಿ, ಅದೇ ಒಳ್ಳೆಯ ಪಾಠ. ಇಬ್ಬರಿಗೆ ಗುರುತು ಹಾಕಿದ ಚೀಟಿ ಅಸಿಂಧು. ಹಾಕಿದವರು ಯಾರೆಂದು ತಿಳಿಯುವಂತೆ ಹೆಸರು ಬರೆದ ಚೀಟಿಯೂ ಅಸಿಂಧು, ಏಕೆಂದರೆ ಅದು ಗುಟ್ಟು ಬಿಟ್ಟುಕೊಟ್ಟಿತು. ಒಬ್ಬರಿಗೇ ಎರಡು ಸಲ ಮೊಹರು ಒತ್ತಿದ್ದರೆ? ಮಕ್ಕಳು ಒಕ್ಕೊರಲಿನಿಂದ ‘ಕ್ಯಾನ್ಸಲ್’ ಎನ್ನುತ್ತಾರೆ. 1961ರ ಚುನಾವಣಾ ನಿಯಮ ಹಾಗೆನ್ನುವುದಿಲ್ಲ. ಮತದಾರನ ಇಂಗಿತ ಸ್ಪಷ್ಟವಿದ್ದರೆ ಗುರುತು ಮಸುಕಾಗಿದೆ, ಎರಡು ಸಲ ಬಿದ್ದಿದೆ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು. ಹೊರಗೆಸೆಯಲು ಕಾರಣ ಹುಡುಕುವುದಲ್ಲ, ಒಳಗಿಟ್ಟುಕೊಳ್ಳಲು ಕಾರಣ ಹುಡುಕುವುದು ಕಾನೂನಿನ ಮನಸ್ಸು.

ಮೊಹರಿನಲ್ಲೂ ಒಂದು ಜಾಣ್ಮೆಯಿದೆ. ದೊಡ್ಡವರ ಮತಪತ್ರಕ್ಕೆ ಒತ್ತುವ ಬಾಣದ ಗುರುತು ಒಂದೇ ದಿಕ್ಕಿಗೆ ತಿರುಗಿದಂತಿರುತ್ತದೆ. ಹಸಿ ಶಾಯಿ ಮಡಿಕೆಯಲ್ಲಿ ಇನ್ನೊಬ್ಬರ ಹೆಸರಿನ ಮೇಲೆ ಅಂಟಿದರೆ ಅಲ್ಲಿ ಬಾಣ ತಿರುಗುಮುರುಗು ಕಾಣುತ್ತದೆ. ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಎಂದು ಅಲ್ಲೇ ಗೊತ್ತಾಗುತ್ತದೆ. ಆಲೂಗಡ್ಡೆಯಲ್ಲಿ ಅಂಥ ಅಚ್ಚು ಕೊರೆಯುವುದು ಚಿತ್ರಕಲೆಯ ಒಂದು ಪೀರಿಯಡ್ಡಿನ ಕೆಲಸ.

---

ಬೆರಳಿನ ಶಾಯಿ ಮೈಸೂರಿನದು

ದೇಶದ ಚುನಾವಣೆಗಳಿಗೆ ಅಳಿಸಲಾಗದ ಶಾಯಿ ಕೊಡುವುದು ಮೈಸೂರು ಪೇಂಟ್ಸ್ ಆ್ಯಂಡ್ ವಾರ್ನಿಷ್ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದದ್ದು. ಶಾಯಿ ಲೋಕಸಭಾ ಚುನಾವಣೆಗೆ ಬಂದದ್ದು 1962ರಲ್ಲಿ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿ ಚರ್ಮದ ಮೇಲೆ ಕಪ್ಪಾಗಿ ಕೂರುತ್ತದೆ. ಶಾಲೆಯ ಮಾರ್ಕರ್ ಗೆರೆ ಹಾಗಲ್ಲ, ನಲ್ಲಿಯ ಕೆಳಗೆ ಉಜ್ಜಿದರೆ ಹೋಗುತ್ತದೆ. ಹಾಗಾಗಿ ಶಾಲೆಯಲ್ಲಿ ಎರಡನೇ ಸಲ ಬಂದವನನ್ನು ಹಿಡಿಯುವುದು ಸಹಿ ಪುಸ್ತಕವೇ ಹೊರತು ಶಾಯಿಯಲ್ಲ.

---

ಹುಟ್ಟುಹಬ್ಬದ ಚಾಕೊಲೇಟು ಲಂಚವೇ?

ಮತದಾನದ ದಿನಕ್ಕೆ ಮೊದಲು ಮೂರು ವಾರವಾದರೂ ಬೇಕು. ಮೊದಲ ವಾರ ಹಾಜರಾತಿ ಪುಸ್ತಕದಿಂದ ಮತದಾರರ ಪಟ್ಟಿ ಇಳಿಸಿ ನೋಟಿಸ್ ಬೋರ್ಡಿಗೆ ಅಂಟಿಸುವುದು. ಟಿಸಿ ತೆಗೆದುಕೊಂಡು ಹೋದವರ ಹೆಸರು ಉಳಿದಿರುತ್ತದೆ, ಹೊಸದಾಗಿ ಸೇರಿದವರದು ಬಿಟ್ಟುಹೋಗಿರುತ್ತದೆ. ಪತ್ತೆ ಹಚ್ಚುವುದು ಮಕ್ಕಳ ಕೆಲಸ. ಎರಡನೇ ವಾರ ನಾಮಪತ್ರ. ಠೇವಣಿ ಎಂದು ದುಡ್ಡು ಕೇಳಬೇಡಿ. ಹತ್ತು ರೂಪಾಯಿಯೂ ಕೆಲವರಿಗೆ ಗೋಡೆಯೇ. ಐದು ಮತದಾರರು ಸೂಚಕರಾಗಿ ಸಹಿ ಹಾಕಲಿ, ಸಾಕು. ಚಿಹ್ನೆಗೆ ಪೈಪೋಟಿ ಬಂದರೆ ಚೀಟಿ ಎತ್ತಿ. ಮಕ್ಕಳು ಮೊದಲು ಕೇಳುವುದೇ ಕೈ ಮತ್ತು ಕಮಲ. ಪಕ್ಷಗಳ ಚಿಹ್ನೆ ಒಳಗೆ ಬಿಡಬೇಡಿ. ಮತಪತ್ರದಲ್ಲಿ ಹೆಸರುಗಳು ವರ್ಣಮಾಲೆಯ ಕ್ರಮದಲ್ಲಿರಲಿ, ಮೊದಲು ಯಾರ ಹೆಸರು ಎಂಬ ತಕರಾರೇ ಬರುವುದಿಲ್ಲ.

ಮೂರನೇ ವಾರ ಪ್ರಚಾರ. ಅಸಲಿ ಪರೀಕ್ಷೆ ಇಲ್ಲಿದೆ.

ಖರ್ಚಿಗೆ ಮಿತಿ ಮೊದಲ ನಿಯಮ. ವಿಧಾನಸಭಾ ಅಭ್ಯರ್ಥಿಗೆ ನಮ್ಮಲ್ಲಿ 40 ಲಕ್ಷ ರೂಪಾಯಿಯ ಮಿತಿಯಿದೆ. ಶಾಲೆಯಲ್ಲಿ ಮಿತಿ ಒಂದು ಡ್ರಾಯಿಂಗ್ ಶೀಟು, ಅದನ್ನೂ ಶಾಲೆಯೇ ಕೊಡುವುದು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಮೂರು ಮೂರು ನಿಮಿಷದ ಭಾಷಣ. ಫ್ಲೆಕ್ಸ್ ಹಾಕಿಸಲು ತಯಾರಿರುವ ಅಪ್ಪಂದಿರಿಗೆ ಗೇಟಿನಲ್ಲೇ ಕೈ ಮುಗಿಯಬೇಕು.

ಲಂಚದ ವಿಷಯ ಅಷ್ಟು ಸಲೀಸಲ್ಲ. ಪೆಪ್ಪರ್‌ಮಿಂಟ್ ಹಂಚಿ ಮತ ಕೇಳಬಾರದು ಎಂಬುದು ಯಾರಿಗೂ ಗೊತ್ತು. ಆದರೆ ಪ್ರಚಾರದ ವಾರದಲ್ಲೇ ಒಬ್ಬ ಅಭ್ಯರ್ಥಿಯ ಹುಟ್ಟುಹಬ್ಬ ಬಂತು. ಪ್ರತಿ ವರ್ಷ ತರಗತಿಗೆ ಚಾಕೊಲೇಟ್ ಹಂಚುವ ರೂಢಿ. ಈ ವರ್ಷ ಹಂಚಬಹುದೇ?

ಇದನ್ನು ಮೇಷ್ಟ್ರು ಒಂದೇ ಮಾತಿನಲ್ಲಿ ತೀರ್ಮಾನಿಸಿದರೆ ಪಾಠ ಕೈತಪ್ಪಿತು. ಹಂಚಿದ್ದಕ್ಕೆ ತಕರಾರಿದ್ದರೆ ಎದುರಾಳಿ ದೂರು ಬರೆದುಕೊಡಲಿ. ಹಂಚಿದವಳೂ ಉತ್ತರ ಬರೆಯಲಿ. ಅಭ್ಯರ್ಥಿಗಳಲ್ಲದ ಎಂಟನೇ ತರಗತಿಯ ಮೂವರು ಮಕ್ಕಳು, ಒಬ್ಬ ಟೀಚರ್ ಕೂತು ಇಬ್ಬರನ್ನೂ ಕೇಳಲಿ. ವರ್ಷವೂ ಹಂಚುತ್ತಿದ್ದಳೇ? ತನ್ನ ತರಗತಿಗೆ ಮಾತ್ರವೇ, ಈ ಸಲ ಆರನೇ ತರಗತಿಗೂ ಹೋದಳೇ? ಕೊಡುವಾಗ ‘ಬುಗುರಿ ಮರೀಬೇಡಿ’ ಅಂದಳೇ? ಮೂರಕ್ಕೂ ಉತ್ತರ ಸಿಕ್ಕರೆ ತೀರ್ಪು ತಾನಾಗಿ ಸಿಗುತ್ತದೆ. ಅವಳ ತರಗತಿಯಲ್ಲಿ ಟೀಚರ್ ಕೈಯಿಂದ ಹಂಚಿದರೆ ಹುಟ್ಟುಹಬ್ಬ. ಪಕ್ಕದ ತರಗತಿಗೆ ಹೋಗಿ ಗುರುತು ನೆನಪಿಸಿದರೆ ಆಮಿಷ. ಆದೇಶ ಅದೇ ದಿನ, ಬರಹದಲ್ಲಿ, ಕಾರಣ ಸಮೇತ ನೋಟಿಸ್ ಬೋರ್ಡಿಗೆ.

ಶಿಕ್ಷೆಯೂ ಮೊದಲೇ ಬರೆದಿಟ್ಟದ್ದಾಗಿರಬೇಕು. ಮೊದಲ ತಪ್ಪಿಗೆ ಪೋಸ್ಟರ್ ತೆಗೆಸುವುದು, ಎರಡನೆಯದಕ್ಕೆ ಭಾಷಣದ ಅವಕಾಶ ಹೋಗುವುದು, ಮೂರನೆಯದಕ್ಕೆ ನಾಮಪತ್ರ ರದ್ದು. ತಪ್ಪಾದ ಮೇಲೆ ಶಿಕ್ಷೆ ಹುಡುಕುವುದು ಸಿಟ್ಟು ತೀರಿಸಿಕೊಂಡಂತೆಯೇ ಕಾಣುತ್ತದೆ, ಅದೂ ಮೇಷ್ಟ್ರ ಮಗನೋ ಎಸ್‌ಡಿಎಂಸಿ ಅಧ್ಯಕ್ಷರ ಮಗಳೋ ಕಣದಲ್ಲಿದ್ದರೆ ಕೇಳುವುದೇ ಬೇಡ.

ಚಾಕೊಲೇಟಿಗಿಂತ ಕೆಟ್ಟದ್ದು ಬೆದರಿಕೆ. ‘ನನಗೆ ಹಾಕದಿದ್ರೆ ಆಟಕ್ಕೆ ಸೇರಿಸಲ್ಲ.’ ಇದನ್ನು ಯಾರೂ ಬರೆದುಕೊಡುವುದಿಲ್ಲ. ಇದಕ್ಕೆ ಇರುವ ಮದ್ದು ಗುಪ್ತ ಮತದಾನ ಒಂದೇ. ಮರೆಯ ಎತ್ತರ ಎಷ್ಟು, ಕಿಟಕಿಯಿಂದ ಕಾಣುತ್ತದೆಯೇ, ಪೆನ್ನು ಒಂದೇ ಬಣ್ಣದ್ದೇ ಎಂದು ಹಿಂದಿನ ದಿನ ಮರೆಯ ಹಿಂದೆ ಒಂದು ಮಗುವನ್ನು ನಿಲ್ಲಿಸಿ ಪರೀಕ್ಷಿಸಬೇಕು. ತರಗತಿಯಲ್ಲಿ ಕೈ ಎತ್ತಿಸಿ ‘ಲೀಡರ್’ ಆರಿಸುವ ನಮ್ಮ ಹಳೇ ಪದ್ಧತಿಯಲ್ಲಿ ಗೆಲ್ಲುತ್ತಿದ್ದವನು ಯಾರು ನೆನಪಿದೆಯೇ? ಎಲ್ಲರಿಗಿಂತ ಗಟ್ಟಿಯಾಗಿ ಗುದ್ದುವವನು.

ಇನ್ನು ಪ್ರಣಾಳಿಕೆ. ‘ದಿನಾ ಎರಡು ಆಟದ ಪೀರಿಯಡ್ ಕೊಡಿಸ್ತೀನಿ’ ಎಂದವನಿಗೆ ಚಪ್ಪಾಳೆ ಬೀಳುತ್ತದೆ. ವೇಳಾಪಟ್ಟಿ ಬದಲಿಸುವ ಅಧಿಕಾರ ಅವನಿಗಿಲ್ಲ. ‘ಆಟದ ಸಾಮಾನನ್ನು ಪ್ರತಿ ಶುಕ್ರವಾರ ಎಣಿಸಿ ಬರೆದಿಡ್ತೀನಿ, ಕಳೆದದ್ದು ಪ್ರಾರ್ಥನೆಯಲ್ಲಿ ಹೇಳ್ತೀನಿ’ ಎಂದವಳಿಗೆ ಚಪ್ಪಾಳೆ ಕಡಿಮೆ. ಭಾಷಣದ ನಂತರ ಮತದಾರರು ಕೇಳಬಹುದಾದ ಪ್ರಶ್ನೆಗಳನ್ನು ಮೊದಲೇ ಕಲಿಸಿ: ಇದು ನಿನ್ನ ಕೈಯಲ್ಲಿದೆಯೇ, ದುಡ್ಡು ಎಲ್ಲಿಂದ, ದೀಪಾವಳಿಯೊಳಗೆ ಏನು ಕಾಣುತ್ತದೆ? ಮೂರನೇ ಪ್ರಶ್ನೆಗೆ ತಡವರಿಸುವ ಅಭ್ಯರ್ಥಿಗಳನ್ನು ನಾವು ಟಿವಿಯಲ್ಲೂ ನೋಡಿದ್ದೇವೆ.

ಎಲ್ಲರೂ ಮಂತ್ರಿಯಾದರೆ ಕೇಳುವವರು ಯಾರು?

ಬಹಳಷ್ಟು ಶಾಲೆಗಳಲ್ಲಿ ಅತಿ ಹೆಚ್ಚು ಮತ ಪಡೆದವರು ಪ್ರಧಾನಿ, ನಂತರದವರಿಗೆ ಒಂದೊಂದು ಖಾತೆ. ಸೋತವರು ಬೇಜಾರಾಗದಿರಲೆಂದು ಅವರಿಗೂ ಒಂದು ಖಾತೆ. ಒಳ್ಳೆಯ ಮನಸ್ಸೇ, ಆದರೆ ಸಂಸತ್ತು ನಡೆಯುವುದು ಹೀಗಲ್ಲ. ನಮ್ಮಲ್ಲಿ ಜನ ಪ್ರಧಾನಿಯನ್ನು ನೇರವಾಗಿ ಆರಿಸುವುದಿಲ್ಲ.

ತರಗತಿಯನ್ನೇ ಕ್ಷೇತ್ರ ಮಾಡಿ. ಆರು, ಏಳು, ಎಂಟು, ತಲಾ ನಾಲ್ಕು ಸ್ಥಾನ, ಎರಡು ಹುಡುಗಿಯರಿಗೆ ಮೀಸಲು, ಎರಡು ಹುಡುಗರಿಗೆ. ಗುಲಾಬಿ, ಬಿಳಿ ಎರಡು ಬಣ್ಣದ ಚೀಟಿ. ಹೀಗೆ ಮಾಡಿದರೆ ಚೀಟಿ, ಸಹಿ, ಉಳಿಕೆಗಳ ಲೆಕ್ಕವನ್ನು ಪ್ರತಿ ಬಣ್ಣಕ್ಕೂ ಬೇರೆ ಬೇರೆ ಇಡಬೇಕು. ಗೆದ್ದ ಹನ್ನೆರಡು ಮಂದಿ ತಮ್ಮಲ್ಲೊಬ್ಬರನ್ನು ಗುಪ್ತ ಮತದಾನದಿಂದ ಪ್ರಧಾನಿ ಮಾಡಲಿ. ಏಳು ಮತ ಬೇಕೇ ಬೇಕು. ಬರದಿದ್ದರೆ ಕೊನೆಯವರನ್ನು ಬಿಟ್ಟು ಇನ್ನೊಮ್ಮೆ. ಆರು ಆರು ಆದರೆ ಚೀಟಿ.

ಸಂವಿಧಾನದ 91ನೇ ತಿದ್ದುಪಡಿ 2003ರಲ್ಲಿ ಮಂತ್ರಿಮಂಡಲದ ಗಾತ್ರವನ್ನು ಸದನದ ಬಲದ ಶೇ 15ಕ್ಕೆ ಕಟ್ಟಿಹಾಕಿತು. ಆ ಪ್ರಮಾಣ ಹಿಡಿದರೆ ಹನ್ನೆರಡರ ಸದನದಲ್ಲಿ ಇಬ್ಬರೂ ಮಂತ್ರಿಯಾಗುವಂತಿಲ್ಲ. ಶಾಲೆಗೆ ಅಷ್ಟು ಬಿಗಿ ಬೇಡ. ಪ್ರಧಾನಿ ಸೇರಿ ಐವರು ಇರಲಿ: ಆಹಾರ, ನೀರು ಮತ್ತು ಸ್ವಚ್ಛತೆ, ಕ್ರೀಡೆ, ಗ್ರಂಥಾಲಯ. ಉಳಿದ ಏಳು ಮಂದಿಗೆ ಖಾತೆಯಿಲ್ಲ. ಅವರ ಕೆಲಸ ಪ್ರಶ್ನೆ ಕೇಳುವುದು. ಅವರಲ್ಲೊಬ್ಬರು ವಿರೋಧ ಪಕ್ಷದ ನಾಯಕರು. ಖಾತೆ ಹಂಚುವಾಗ ಒಂದು ಕಣ್ಣಿಡಿ. ಕ್ರೀಡೆ ಹುಡುಗನಿಗೆ, ಸ್ವಚ್ಛತೆ ಹುಡುಗಿಗೆ ಎಂದು ಹೋಗುವುದು ಅಭ್ಯಾಸಬಲ.

ನಲ್ಲಿ ಸೋರುತ್ತಿದೆ, ಮಂತ್ರಿಗಳು ಏನು ಮಾಡುತ್ತಿದ್ದಾರೆ?

ಪ್ರಮಾಣವಚನದ ಫೋಟೊ ತೆಗೆದ ಮೇಲೆ ಹೆಚ್ಚಿನ ಶಾಲಾ ಸಂಸತ್ತುಗಳು ಮಲಗಿಬಿಡುತ್ತವೆ. ಎಬ್ಬಿಸಲು ಬೇಕಾದ್ದು ತಿಂಗಳಿಗೊಂದು ಶನಿವಾರ ಮುಕ್ಕಾಲು ಗಂಟೆಯ ಅಧಿವೇಶನ, ಒಂದು ಲಾಂಗ್ ನೋಟ್‌ಬುಕ್. ಪುಸ್ತಕದಲ್ಲಿ ನಾಲ್ಕು ಕಲಂ: ಕೇಳಿದ್ದು ಏನು, ಯಾರ ಹೊಣೆ, ಯಾವ ದಿನದೊಳಗೆ, ಏನಾಯಿತು. ನಾಲ್ಕನೆಯದರಲ್ಲಿ ‘ಆಗಲಿಲ್ಲ’ ಎಂದು ಬರೆಯುವ ಸ್ವಾತಂತ್ರ್ಯ ಇರಬೇಕು, ಏಕೆ ಆಗಲಿಲ್ಲ ಎಂಬುದೂ ಜೊತೆಗೆ.

ಸೋರುವ ನಲ್ಲಿಯನ್ನೇ ತೆಗೆದುಕೊಳ್ಳಿ. ಜುಲೈ ಅಧಿವೇಶನದಲ್ಲಿ ಪ್ರಶ್ನೆ ಬಂತು. ನೀರಿನ ಮಂತ್ರಿ ಒಂದು ಬಕೆಟ್ ಇಟ್ಟು ಗಂಟೆಗೆ ಎಷ್ಟು ನೀರು ಪೋಲಾಗುತ್ತದೆ ಅಳೆದಳು. ವಾಷರ್ ಸವೆದಿದ್ದರೆ ಕೆಲವೇ ರೂಪಾಯಿಯ ಕೆಲಸ, ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಟ್ಟರೆ ಮುಗಿಯಿತು. ಪೈಪೇ ತುಕ್ಕು ಹಿಡಿದಿದ್ದರೆ ಅದು ಎಸ್‌ಡಿಎಂಸಿ ಸಭೆಗೆ ಹೋಗಬೇಕು. ಊರ ಟ್ಯಾಂಕಿನಿಂದಲೇ ನೀರು ಸರಿಯಾಗಿ ಬರುತ್ತಿಲ್ಲವೆಂದರೆ ಪಂಚಾಯಿತಿಗೆ. ಅದಕ್ಕೂ ಬಾಗಿಲಿದೆ: ನವೆಂಬರ್ ಆಸುಪಾಸಿನಲ್ಲಿ ನಮ್ಮ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಅಲ್ಲಿ ‘ನೀರು ಬರ್ತಿಲ್ಲ’ ಎಂದರೆ ‘ನೋಡೋಣ’ ಎಂಬ ಉತ್ತರ ಬರುತ್ತದೆ. ‘ಜುಲೈನಿಂದ ಇಂತಿಂಥ ದಿನ ನೀರು ಬಂದಿಲ್ಲ, ಈ ದಿನ ಅರ್ಜಿ ಕೊಟ್ಟಿದ್ದೇವೆ’ ಎಂದು ಪುಸ್ತಕ ಬಿಚ್ಚಿ ಓದಿದರೆ ಪಿಡಿಒ ಪೆನ್ನು ತೆಗೆಯಲೇಬೇಕಾಗುತ್ತದೆ.

ಕೆಲಸ ಮಾಡದ ಮಂತ್ರಿಯನ್ನು ತೆಗೆಯುವ ನಿಯಮವೂ ಇರಲಿ, ಆದರೆ ತೆಗೆಯುವವರು ಮೇಷ್ಟ್ರಾಗಬಾರದು. ಎರಡು ಅಧಿವೇಶನ ಸತತ ಉತ್ತರ ಬಾರದಿದ್ದರೆ ಸದನದ ಏಳು ಮತಗಳಿಂದ ಖಾತೆ ಬೇರೆಯವರಿಗೆ. ಸದಸ್ಯತ್ವ ಉಳಿಯುತ್ತದೆ, ಮುಂದಿನ ತಿಂಗಳು ಅವನೂ ಪ್ರಶ್ನೆ ಕೇಳುವವರ ಸಾಲಿಗೆ. ಆಹಾರ ಮಂತ್ರಿಗೆ ಒಂದು ಎಚ್ಚರಿಕೆ ಬೇಕು. ಮೊಟ್ಟೆ, ಬಾಳೆಹಣ್ಣು ಎಣಿಸುವುದು, ಅನ್ನ ಎಷ್ಟು ಉಳಿಯಿತು ಬರೆಯುವುದು ಅವನ ಕೆಲಸ. ಅಡುಗೆಯ ಅಕ್ಕನ ಮೇಲೆ ದರ್ಬಾರು ಮಾಡುವುದಲ್ಲ. ಗಲಾಟೆ ಮಾಡಿದವರ ಹೆಸರು ಹಲಗೆಯ ಮೇಲೆ ಬರೆಯುವ ಕೆಲಸವನ್ನಂತೂ ಯಾವ ಮಂತ್ರಿಗೂ ಕೊಡಬೇಡಿ. ಮೇಷ್ಟ್ರ ಬೆತ್ತವನ್ನು ಮಕ್ಕಳ ಕೈಗೆ ಕೊಟ್ಟಂತೆ ಅದು, ಎರಡೇ ವಾರದಲ್ಲಿ ಇಡೀ ಸಂಸತ್ತಿನ ಮೇಲೆ ಮಕ್ಕಳ ನಂಬಿಕೆ ಹೋಗುತ್ತದೆ.

ಮಾರ್ಚ್ ಕೊನೆಯ ಅಧಿವೇಶನದಲ್ಲಿ ಒಂದೇ ಕಲಾಪ. ಪುಸ್ತಕದಲ್ಲಿ ‘ಆಗಲಿಲ್ಲ’ ಎಂದು ಉಳಿದವನ್ನೆಲ್ಲ ಒಂದು ಹಾಳೆಗೆ ಇಳಿಸಿ, ಹನ್ನೆರಡೂ ಮಂದಿ ಸಹಿ ಹಾಕಿ ಮುಖ್ಯ ಶಿಕ್ಷಕರ ಕೋಣೆಯ ಬೀರುವಿಗೆ ಸೇರಿಸುವುದು. ಎಂಟನೆಯವರು ಹೈಸ್ಕೂಲಿಗೆ ಹೋಗುತ್ತಾರೆ. ಮುಂದಿನ ಜೂನ್‌ನಲ್ಲಿ ನಾಮಪತ್ರ ಕೇಳುವ ದಿನ ಆ ಹಾಳೆಯನ್ನು ಪ್ರಾರ್ಥನೆಯಲ್ಲಿ ಓದಿ ಹೇಳಬೇಕು. ಹೊಸ ಅಭ್ಯರ್ಥಿಯ ಮೂರು ನಿಮಿಷದಲ್ಲಿ ಮೊದಲ ನಿಮಿಷ ಆ ಬಾಕಿಗೆ ಮೀಸಲು.